ಅಂಗೈಯಲ್ಲಿ ಬರೆದ ಅಕ್ಷರ

ವೆಂಕಟರತ್ನಮ್ಮ ಕ್ಯಾಸಂಬಳ್ಳಿ ಕಡೆಯ ರಾಗಿ ಬೆಳೆಯುವ ಮನೆಯ ಹೆಣ್ಣುಮಗಳು. ಏಳನೇ ಕ್ಲಾಸಿನವರೆಗೆ ಓದಿ, ಬಂಗಾರಪೇಟೆಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿ, ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ತವರಿಗೆ ವಾಪಸು ಬಂದವರು. ಮಕ್ಕಳಿರಲಿಲ್ಲ. ಅಣ್ಣ ಸೊಣ್ಣಪ್ಪ ದಿನಾ ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೆ.ಜಿ.ಎಫ್‌ಗೆ ಹಾಲು ಹಾಕಲು ಹೋಗುತ್ತಿದ್ದ. ಅವನು ಹಾಲು ಹಾಕುತ್ತಿದ್ದ ಮನೆಗಳಲ್ಲಿ ರಾಬರ್ಟ್‌ಸನ್‌ಪೇಟೆಯ ಚೀನಾ ಡಾಕ್ಟರ ಮನೆಯೂ ಒಂದು.

ಚೀನಾ ಡಾಕ್ಟರೆಂದರೆ ಹಲ್ಲಿನ ಡಾಕ್ಟರು. ಹೆಸರು ತಾನ್ ವೆನ್‌ಶಿಂಗ್. ಹುಡುಗರಾಗಿದ್ದಾಗಲೇ ಚಿಕ್ಕಪ್ಪನ ಜೊತೆ ಹಡಗು ಹತ್ತಿ ಬಂದು, ಮದ್ರಾಸಿನಲ್ಲಿ ಹಲ್ಲು ಕಟ್ಟುವ ಕೆಲಸ ಕಲಿತು, ಗಣಿಯ ಜನರನ್ನು ನಂಬಿಕೊಂಡು ಇಲ್ಲಿ ಅಂಗಡಿ ಇಟ್ಟಿದ್ದರು. ನಂದಿದುರ್ಗ, ಕೋರಮಂಡಲ್ ಗಣಿಗಳ ಕೂಲಿಕಾರರ ಲೈನು ಮನೆಗಳಲ್ಲಿ ಅವರು ಕಟ್ಟಿದ ಹಲ್ಲಿನ ಸೆಟ್ಟು ಇಲ್ಲದ ಬೀದಿ ಇರಲಿಲ್ಲ. ತಮಿಳು ನೀರು ಕುಡಿದಷ್ಟು ಸಲೀಸು. ಕನ್ನಡ, ತೆಲುಗು ಕೆಲಸಕ್ಕೆ ಸಾಕಾಗುವಷ್ಟು. ಚೀನಾದ ಜೊತೆ ಅರವತ್ತೆರಡರ ಯುದ್ಧವಾದ ಮೇಲೆ ಊರು ಬಿಟ್ಟು ಹೋಗಬೇಕಾದರೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿ ಬರಬೇಕಾಗಿತ್ತು. ಬಂಗಾರಪೇಟೆಯ ಸಂತೆಯ ದಿನ ಅಲ್ಲಿಗೆ ಹೋಗಿ ಹಲ್ಲಿನ ಅಚ್ಚು ತೆಗೆಯುತ್ತಿದ್ದುದನ್ನು ಆಗಲೇ ನಿಲ್ಲಿಸಿದರಂತೆ. ಅದರ ಬಗ್ಗೆ ಅವರು ಮಾತಾಡುತ್ತಿರಲಿಲ್ಲ.

ಅವರ ಹೆಂಡತಿ ತೀರಿಕೊಂಡ ವರ್ಷ, ಅಂದರೆ ಎಪ್ಪತ್ನಾಲ್ಕರಲ್ಲಿ, ಮನೆಗೂ ಅಂಗಡಿಗೂ ಒಬ್ಬರು ಬೇಕೆಂದು ಡಾಕ್ಟರು ಸೊಣ್ಣಪ್ಪನ ಹತ್ತಿರ ಹೇಳಿದರು. ಸೊಣ್ಣಪ್ಪ ತಂಗಿಯನ್ನು ಕರೆತಂದ.

"ಅವ್ರ ಊಟ ಬೇರೆ, ಮಾತು ಬೇರೆ. ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡಮ್ಮ," ಎಂದು ಬಾಗಿಲಲ್ಲೇ ಹೇಳಿ ಹೋದ.

ರತ್ನಮ್ಮ ವಾಪಸು ಹೋಗಲಿಲ್ಲ. ಅಡುಗೆ, ಕಸ ಮುಗಿದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಕಲಸುವುದು, ಮೇಣ ಕಾಯಿಸುವುದು, ಸೆಟ್ಟಿಗೆ ಪಾಲಿಶ್ ಹಾಕುವುದು ಒಂದೊಂದಾಗಿ ಕೈಗೆ ಹತ್ತಿತು. ಕೃತಕ ಹಲ್ಲುಗಳ ಡಬ್ಬಿಗಳ ಮೇಲೆ ಡಾಕ್ಟರು ಚೀನೀ ಅಕ್ಷರದಲ್ಲಿ ದೊಡ್ಡದು, ಸಣ್ಣದು ಎಂದು ಬರೆದಿಡುತ್ತಿದ್ದರು. ಒಂದು ದಿನ ಹೊಸ ಡಬ್ಬಿ ಬಂದಾಗ ರತ್ನಮ್ಮ ತಾವೇ ಹಳೆಯದನ್ನು ನೋಡಿ 'ಸಣ್ಣದು' ಎಂಬ ಅಕ್ಷರವನ್ನು ಬರೆದರು: 小. ನಡುವೆ ಒಂದು ನೇರ ಗೆರೆ, ಅದರ ಕೆಳಗೆ ಚಿಕ್ಕ ಕೊಕ್ಕೆ, ಆಚೀಚೆ ಒಂದೊಂದು ಚುಕ್ಕೆಯಂಥ ಗೆರೆ. ಕಷ್ಟವೇನಲ್ಲ.

ಡಾಕ್ಟರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಡಗಡೆ ಚುಕ್ಕೆ ಮೊದ್ಲು ಹಾಕಿದ್ದೀಯ. ಆಮೇಲೆ ಬಲಗಡೇದು. ನಡುವಿನ ಗೆರೆ ಕೊನೇಗೆ."

"ನೀವು ನೋಡ್ತಿದ್ರಾ ಡಾಕ್ಟ್ರೆ?"

"ಇಲ್ಲ. ಅಕ್ಷರ ಹೇಳ್ತದೆ. ಚುಕ್ಕೆ ಎರಡೂ ದೂರ ದೂರ ಕೂತಿವೆ, ನಡುವಿನ ಗೆರೆ ಜಾಗ ಸಾಲದೆ ವಾಲಿದೆ. ನಡುವಿನದು ಮೊದ್ಲು, ಆಮೇಲೆ ಎಡ, ಆಮೇಲೆ ಬಲ."

"ಯಾವ್ದು ಮೊದ್ಲು ಬರುದ್ರೆ ಏನಾಯ್ತದೆ? ನಾವು ರಂಗೋಲಿ ಎಲ್ಲಿಂದಾನಾ ಸುರು ಮಾಡ್ತೀವಿ. ಕೊನೇಗೆ ಅದೇ ರಂಗೋಲಿ ಅಲ್ವಾ?"

ಡಾಕ್ಟರು ನಕ್ಕರು. ಅವರು ನಗುತ್ತಿದ್ದುದೇ ಅಪರೂಪ. ಮೇಣದ ತುಂಡೊಂದನ್ನು ತಟ್ಟಿ ಹಲಗೆಯಂತೆ ಮಾಡಿ, ಮೇಣ ಕೊರೆಯುವ ಕಡ್ಡಿಯಿಂದ ತೋರಿಸಿದರು. ಮೇಲಿನಿಂದ ಕೆಳಕ್ಕೆ. ಎಡದಿಂದ ಬಲಕ್ಕೆ. ಅಡ್ಡಗೆರೆ ನೇರಗೆರೆ ಒಂದನ್ನೊಂದು ದಾಟಿದರೆ ಅಡ್ಡಗೆರೆ ಮೊದಲು. ಎಡಕ್ಕೆ ಇಳಿಯುವ ಗೆರೆ ಮೊದಲು, ಬಲಕ್ಕೆ ಇಳಿಯುವುದು ಆಮೇಲೆ. ಸುತ್ತ ಗೋಡೆ ಇರುವ ಅಕ್ಷರವಾದರೆ ಮೊದಲು ಗೋಡೆ, ಆಮೇಲೆ ಒಳಗಿನ ಸಾಮಾನು, ಬಾಗಿಲು ಮುಚ್ಚುವ ಕೆಳಗಿನ ಗೆರೆ ಎಲ್ಲಕ್ಕಿಂತ ಕೊನೆಗೆ. 'ಹೊಲ' ಎಂಬ ಅಕ್ಷರವನ್ನು ಬರೆದರು: 田. ಎಡದ ಬದು, ಮೇಲಿನಿಂದ ಬಲಕ್ಕೆ ತಿರುಗಿ ಇಳಿಯುವ ಬದು, ಒಳಗೆ ಅಡ್ಡ, ಒಳಗೆ ನೇರ, ಕೊನೆಗೆ ಕೆಳಗಿನ ಬದು. ಇದು ನಿಜಕ್ಕೂ ಹೊಲದಂತೆಯೇ ಇದೆಯಲ್ಲ ಎಂದು ಅದು ರತ್ನಮ್ಮನ ಮನಸ್ಸಿಗೆ ಹಿಡಿಯಿತು.

ಅಷ್ಟರಿಂದ ಶುರುವಾಯಿತು. ಡಾಕ್ಟರ ಮಗಳು ಮೇಲಿ ಮದ್ರಾಸಿನಲ್ಲಿ ಓದುತ್ತಿದ್ದಳು. ಅಪ್ಪ ಅಕ್ಷರ ಕಲಿಸಲು ಕೂರಿಸಿದಾಗಲೆಲ್ಲ ಓಡಿಹೋಗುತ್ತಿದ್ದ ಮಗಳಂತೆ. ಈಗ ಮಧ್ಯಾಹ್ನದ ಬಿಡುವಿನಲ್ಲಿ ಡಾಕ್ಟರು ರತ್ನಮ್ಮನಿಗೆ ಕಲಿಸಿದರು. ಡಾಕ್ಟರು ಯಾಕೆ ಕಲಿಸಿದರೋ, ತಾವು ಯಾಕೆ ಕಲಿತರೋ, ಕೇಳಿದರೆ "ಮದ್ಯಾನ್ನ ಸುಮ್ನೆ ಕೂರೋಕಾಯ್ತದಾ," ಎಂದಷ್ಟೇ ರತ್ನಮ್ಮ ಹೇಳುತ್ತಾರೆ. ಚೀನೀ ಮಾತು ಅವರಿಗೆ ಬರಲಿಲ್ಲ. ಅಕ್ಷರ ಬಂತು, ಕೆಲವಕ್ಕೆ ಅರ್ಥವೂ ತಿಳಿದಿತ್ತು.

ಎಪ್ಪತ್ತೊಂಬತ್ತರಲ್ಲಿ ಡಾಕ್ಟರಿಗೆ ಚೀನಾದಿಂದ ಕಾಗದ ಬಂತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಏನೂ ಬಂದಿರಲಿಲ್ಲ. ಅಕ್ಕ ಬದುಕಿದ್ದಳು. ತಾಯಿ ಇಲ್ಲದ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದ ಅಕ್ಕ. ಅವಳಿಗೆ ಓದು ಬಾರದು, ಅವಳ ಮಗ ಬರೆಯುತ್ತಿದ್ದ. ಡಾಕ್ಟರು ಆ ಕಾಗದ ಹಿಡಿದು ಅಂಗಡಿಯ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ಹಲ್ಲು ನೋವಿನವರು ಬಂದು ಬಾಗಿಲು ಬಡಿದು ಹೋದರು.

ಆದರೆ ಅವರ ಕಣ್ಣು ಆಗಲೇ ಮಸುಕಾಗುತ್ತಿತ್ತು. ಗ್ಲಾಕೋಮಾ, ತಡವಾಯಿತು ಎಂದರು ಬೆಂಗಳೂರಿನಲ್ಲಿ. ಎಂಬತ್ಮೂರರ ಹೊತ್ತಿಗೆ ಬೆಳಕು ಯಾವ ಕಡೆ ಇದೆ ಎಂಬುದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಂಗಡಿಯನ್ನು ಅಶ್ವತ್ಥಪ್ಪ ಎಂಬ ಇನ್ನೊಬ್ಬ ಹಲ್ಲಿನ ಡಾಕ್ಟರಿಗೆ ಬಾಡಿಗೆಗೆ ಕೊಟ್ಟು ಹಿಂದಿನ ಮನೆಯಲ್ಲಿ ಉಳಿದರು. ಸೆಟ್ಟು ಮಾಡುವ ಕೆಲಸ ಅಶ್ವತ್ಥಪ್ಪನವರ ಕೈಕೆಳಗೆ ರತ್ನಮ್ಮನದಾಯಿತು.

ಕಣ್ಣು ಹೋದ ಮೇಲೆ ಮೊದಲ ಕಾಗದ ಬಂದಾಗ ಅದನ್ನು ಓದುವವರಿಲ್ಲ. ಕೆ.ಜಿ.ಎಫ್‌ನಲ್ಲಿ ಇನ್ನೊಬ್ಬ ಚೀನೀಯ ಇರಲಿಲ್ಲ. ಮೇಲಿಗೆ ಓದು ಬಾರದು. ಡಾಕ್ಟರು ಲಕೋಟೆಯನ್ನು ಕೈಯಲ್ಲಿ ತಿರುವಿ ತಿರುವಿ ಸವರುತ್ತಾ ಕೂತಿದ್ದರು. ರತ್ನಮ್ಮನಿಗೆ ತಡೆಯಲಾಗಲಿಲ್ಲ.

"ಕೈ ಕೊಡಿ ಡಾಕ್ಟ್ರೆ. ನಾನು ಒಂದೊಂದೇ ಬರೀತೀನಿ. ನೀವು ಓದ್ಕೊಳಿ."

ಅಂಗೈ ಮೇಲೆ ಬೆರಳಿನಿಂದ ಬರೆದರು. ಮೊದಲ ಅಕ್ಷರವನ್ನು ಡಾಕ್ಟರು ಹಿಡಿದರು. ಎರಡನೆಯದು, ಮೂರನೆಯದು ಆಗಲಿಲ್ಲ. ಕಾಗದ ಬರೆಯುತ್ತಿದ್ದ ಅಕ್ಕನ ಮಗ, ಆ ಅಳಿಯನ ಕೈಬರಹ ಓಡುಬರಹ. ಗೆರೆಗೆ ಗೆರೆ ಅಂಟಿಕೊಂಡು, ಕೆಲವು ಕಡೆ ಅರ್ಧ ಅಕ್ಷರವೇ ದಾರ ಎಳೆದಂತಾಗಿತ್ತು. ರತ್ನಮ್ಮ ಕಂಡ ಆಕಾರವನ್ನು ಕಂಡಂತೆ, ಎಲ್ಲಿಂದ ತೋಚಿತೋ ಅಲ್ಲಿಂದ ಬರೆದಿದ್ದರು.

"ಚಿತ್ರ ಬರೀಬೇಡ," ಎಂದರು ಡಾಕ್ಟರು. "ಅಂಗೈಯಲ್ಲಿ ಆಕಾರ ಉಳಿಯೋದಿಲ್ಲ ರತ್ನಮ್ಮ. ಬೆರಳು ಮುಂದಕ್ಕೆ ಹೋದ್ರೆ ಹಿಂದಿನ ಗೆರೆ ಹೋಯ್ತು. ಯಾವುದಾದ ಮೇಲೆ ಯಾವುದು ಅನ್ನೋದೊಂದೇ ನನಗೆ ಉಳಿಯೋದು. ಅವನ ಪೆನ್ನು ಎಲ್ಲಿ ಶುರು ಮಾಡಿತು, ಎಲ್ಲಿಗೆ ಹೋಯ್ತು, ಹಾಗೇ ಬಾ."

ರತ್ನಮ್ಮ ಕಾಗದವನ್ನು ಮತ್ತೆ ನೋಡಿದರು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಆದ ಮೇಲೆ ನೇರ. ಹಾಗೆ ನೋಡಿದಾಗ ಅಂಟಿಕೊಂಡ ಗೆರೆಗಳು ಬಿಡಿಸಿಕೊಂಡವು. ಅವಸರದ ಕೈ ಗೆರೆಗಳನ್ನು ಕೂಡಿಸಿದ್ದರೂ ಬಹುಪಾಲು ಆ ಹಳೆಯ ಕ್ರಮದಲ್ಲೇ ಕೂಡಿಸಿತ್ತು. ಒಂದು ಗೆರೆ ಮುಗಿದ ಕಡೆಯಿಂದ ಮುಂದಿನದು ಶುರುವಾಗುವ ಕಡೆಗೆ ತೆಳ್ಳನೆಯ ಶಾಯಿಯ ಎಳೆ ಎಳೆದುಕೊಂಡು ಹೋಗಿತ್ತು. ಆ ಒಂದು ಕಾಗದ ಓದಿ ಮುಗಿಸಲು ನಾಲ್ಕಾರು ಮಧ್ಯಾಹ್ನಗಳೇ ಹಿಡಿದವು. ಓದಿ ಮುಗಿದಾಗ ಡಾಕ್ಟರು ಅಕ್ಕನ ಮನೆಯ ಹಿಂದಿನ ಕೆರೆ ತುಂಬಿದೆಯಂತೆ ಎಂದು ರತ್ನಮ್ಮನಿಗೆ ಹೇಳಿದರು. ಉತ್ತರವನ್ನು ತಾವೇ ಬರೆದರು. ರಟ್ಟಿನಲ್ಲಿ ಚೌಕ ಕತ್ತರಿಸಿ ಕೊಟ್ಟರೆ ಅದರೊಳಗೆ ಕೈ ತಾನಾಗಿ ಬರೆಯುತ್ತಿತ್ತು. ಆ ಕೈಗೆ ಕಣ್ಣು ಬೇಕಿರಲಿಲ್ಲ.

ಡಾಕ್ಟರು ಹುಡುಗರಾಗಿದ್ದಾಗಲೇ ಶಾಲೆ ಬಿಟ್ಟವರು. ಎಷ್ಟೋ ಅಕ್ಷರ ಅವರಿಗೂ ಗೊತ್ತಿರಲಿಲ್ಲ. ಅಂಥದ್ದು ಬಂದರೆ ಚಿಕ್ಕಪ್ಪನ ಕಾಲದ ನಿಘಂಟು ತೆಗೆಯಬೇಕು. ಅದರಲ್ಲಿ ಅಕಾರಾದಿ ಇಲ್ಲ. ಪ್ರತಿ ಅಕ್ಷರದಲ್ಲೂ ಒಂದು ಮೂಲಭಾಗ ಇರುತ್ತದೆ: ನೀರು, ಮರ, ಹೆಣ್ಣು, ಬಾಯಿ ಹೀಗೆ. ಮೊದಲು ಅದನ್ನು ಗುರುತಿಸಿ ಆ ಗುಂಪಿಗೆ ಹೋಗಬೇಕು. ಆಮೇಲೆ ಉಳಿದ ಭಾಗದಲ್ಲಿ ಎಷ್ಟು ಗೆರೆ ಎಂದು ಎಣಿಸಿ ಆ ಸಂಖ್ಯೆಯ ಸಾಲಿನಲ್ಲಿ ಹುಡುಕಬೇಕು. ಒಂದು ಗೆರೆ ತಪ್ಪಿದರೆ ಅಕ್ಷರ ಸಿಗುವುದಿಲ್ಲ. 'ಬಾಯಿ' ನೋಡಲು ನಾಲ್ಕು ಬದಿಯ ಚೌಕ: 口. ನೋಡಿದವರು ನಾಲ್ಕು ಎನ್ನುತ್ತಾರೆ. ಬರೆದು ಬಲ್ಲವರಿಗೆ ಮೂರೇ ಗೆರೆ. ಮೇಲಿನದೂ ಬಲಗಡೆಯದೂ ಪೆನ್ನೆತ್ತದೆ ತಿರುಗಿ ಇಳಿಯುವ ಒಂದೇ ಗೆರೆ. ನಿಘಂಟು ಬರೆಯುವವನ ಲೆಕ್ಕವನ್ನು ಕೇಳುತ್ತದೆ. ರತ್ನಮ್ಮ ಇದನ್ನೂ ಕಲಿತರು. ಸಿಕ್ಕಿದ ಅಕ್ಷರದ ಕೆಳಗಿನ ಅರ್ಥವೂ ಚೀನೀಯಲ್ಲೇ ಇರುತ್ತಿದ್ದರಿಂದ ಅದನ್ನೂ ಅಂಗೈಗೆ ಬರೆಯಬೇಕಾಗಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ಬಂದ ಕಾಗದದಲ್ಲಿ ಅಕ್ಕನಿಗೆ ಕಾಯಿಲೆ, ಆಸ್ಪತ್ರೆಯಲ್ಲಿದ್ದಾಳೆ ಎಂದಿತ್ತು. ಅದಾದ ಮೇಲಿನ ಕಾಗದಕ್ಕೆ ಇಬ್ಬರೂ ಕಾದರು. ಬಂತು. ಮೊದಲ ಸಾಲಿನಲ್ಲೇ 'ಅಮ್ಮನ ಕಾಯಿಲೆ ಈಗಾಗಲೇ' ಎಂಬಲ್ಲಿಯವರೆಗೆ ಸಲೀಸಾಗಿ ಬಂದು, ಅದರ ಮುಂದಿನ ಅಕ್ಷರದಲ್ಲಿ ರತ್ನಮ್ಮನ ಬೆರಳು ನಿಂತಿತು. ಕಾಯಿಲೆಯ ಮೂಲಭಾಗ ಸ್ಪಷ್ಟವಾಗಿತ್ತು: ಮೇಲೊಂದು ಚುಕ್ಕೆ, ಅಡ್ಡಗೆರೆ, ಎಡಕ್ಕೆ ಇಳಿದ ಉದ್ದ ಗೆರೆ, ಅದರ ಪಕ್ಕ ಎರಡು ಪುಟ್ಟ ಗೆರೆ. ಒಳಗಿದ್ದದ್ದು ಮಾತ್ರ ಒಂದು ಗಂಟು.

"ಒಳಗೆ ಎಷ್ಟು ಗೆರೆ?" ಡಾಕ್ಟರು ಕೇಳಿದರು.

"ಐದು ಇರಬೌದು."

ಕಾಯಿಲೆಯ ಗುಂಪಿನಲ್ಲಿ ಐದು ಗೆರೆಯ ಸಾಲು. ಅಲ್ಲಿದ್ದವುಗಳಲ್ಲಿ ಆ ಗಂಟಿಗೆ ಹತ್ತಿರವಾಗಿ ಕಂಡದ್ದು ಒಂದು: 疽. ರತ್ನಮ್ಮ ಅದನ್ನು ಅಂಗೈ ಮೇಲೆ ಬರೆದರು. ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು.

"ಏನು ಡಾಕ್ಟ್ರೆ?"

"ಕುರು," ಎಂದರು. "ಒಳಗೇ ಕೊಳೆಯೋ ಕುರು. ನಮ್ಮಪ್ಪ ಅದರಲ್ಲೇ ಹೋಗಿದ್ದು. ಬೆನ್ನ ಮೇಲೆ ಬಂದಿತ್ತು. ಅಕ್ಕನೇ ತೊಳೀತಿದ್ದಳು."

ಮುಂದಿನ ಸಾಲು ಓದಿಸಿಕೊಳ್ಳಲಿಲ್ಲ. ಕಾಗದ ಮಡಚಿಡು ಎಂದರು. ಅಂದಿನಿಂದ ತಟ್ಟೆಯ ಮುಂದೆ ಕೂತರೂ ಊಟ ಮಾಡುತ್ತಿರಲಿಲ್ಲ. ಮಾತು ಕಡಿಮೆಯಾಯಿತು. ಅಕ್ಕ ಹೋಗಿಯೇಬಿಟ್ಟಳು, ಕಾಗದ ಬರುವಷ್ಟರಲ್ಲಿ ಇನ್ನೇನು ಉಳಿದಿರುತ್ತದೆ ಎಂದು ಹೆಂಡತಿಯ ಫೋಟೋದ ಪಕ್ಕ ಅಕ್ಕನ ಹೆಸರು ಬರೆದ ಚೀಟಿ ಇಡಿಸಿ ಊದುಬತ್ತಿ ಹಚ್ಚಿಸಿದರು. ಸೊಣ್ಣಪ್ಪ ಹಾಲು ಹಾಕಲು ಬಂದವನು ಅವರ ಮುಖ ನೋಡಿ ಹೆದರಿದ.

"ಏನಮ್ಮ, ಇವ್ರು ಇಂಗಾಗವ್ರೆ? ಮಗಳಿಗೆ ಒಂದು ತಂತಿ ಕೊಡಾಣ್ವಾ?"

"ತಡಿಯಣ್ಣ," ಎಂದರು ರತ್ನಮ್ಮ. "ನಂಗ್ಯಾಕೋ ಅದು ಸರಿಯಾಗಿ ಕೂರ್ತಾ ಇಲ್ಲ."

ಕೂರದೇ ಇದ್ದದ್ದು ಆ ಅಕ್ಷರ. ಡಾಕ್ಟರು ಹಗಲಲ್ಲಿ ಮಲಗಿದ್ದಾಗ ಕಾಗದವನ್ನು ಕಿಟಕಿಯ ಹತ್ತಿರ ತಂದು, ಮೇಣ ಕೊರೆಯುವ ಕಡ್ಡಿಯ ತುದಿಯನ್ನು ಶಾಯಿಯ ಮೇಲೆ ಮುಟ್ಟಿಯೂ ಮುಟ್ಟದಂತೆ ನಡೆಸಿದರು. ಐದು ಗೆರೆಯ ಆ ಅಕ್ಷರವೇ ಆಗಿದ್ದರೆ ಒಳಗಿನ ಭಾಗ ಎಡಗಡೆಯ ನೇರ ಗೆರೆಯಿಂದ ಶುರುವಾಗಬೇಕು, ಗೋಡೆ ಮೊದಲು. ಇಲ್ಲಿ ಪೆನ್ನು ಊರಿದ ದಪ್ಪ ಚುಕ್ಕೆ ಇದ್ದದ್ದು ನಡುವೆ, ಮೇಲ್ಗಡೆ. ಅಲ್ಲಿಂದ ಎಡಕ್ಕೆ ಓರೆಯಾಗಿ ಇಳಿದಿತ್ತು. ಅದರ ತುದಿಯಿಂದ ಕೂದಲೆಳೆಯಷ್ಟು ಶಾಯಿ ಮತ್ತೆ ಮೇಲಕ್ಕೆ ಹೋಗಿ ಬಲಕ್ಕೆ ಇಳಿದಿತ್ತು. ಎಡ ಇಳಿ, ಬಲ ಇಳಿ. ಅದು ಗೋಡೆಯಲ್ಲ, ಸೂರು. ಅದರ ಕೆಳಗೆ ಅಡ್ಡ, ಅಡ್ಡ, ನೇರ, ಕೊನೆಯ ಅಡ್ಡ. ಸೂರಿನದು ಎರಡು, ಕೆಳಗಿನದು ನಾಲ್ಕು. ಐದಲ್ಲ, ಆರು.

ನಿಘಂಟಿನಲ್ಲಿ ಕಾಯಿಲೆಯ ಗುಂಪಿನ ಆರು ಗೆರೆಯ ಸಾಲಿಗೆ ಹೋದರು. ಇತ್ತು: 痊. ಅರ್ಥದಲ್ಲಿ ಅವರಿಗೇ ಗೊತ್ತಿದ್ದ ಎರಡು ಅಕ್ಷರಗಳು. ರತ್ನಮ್ಮ ನಿಘಂಟನ್ನು ಹಾಗೇ ತೆರೆದಿಟ್ಟು ಡಾಕ್ಟರ ಮಂಚದ ಹತ್ತಿರ ಬಂದರು.

"ಡಾಕ್ಟ್ರೆ, ಏಳಿ. ಕೈ ಕೊಡಿ."

"ಬೇಡ ರತ್ನಮ್ಮ."

"ನಾನು ತಪ್ಪು ಓದಿದ್ದೆ. ಎಣಿಕೆ ತಪ್ಪಿದ್ದೆ. ಕೊಡಿ ಅಂದೆ."

ಅಷ್ಟು ಗಟ್ಟಿಯಾಗಿ ಅವರು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ. ಡಾಕ್ಟರು ಎದ್ದು ಕೂತು ಕೈ ಚಾಚಿದರು. ರತ್ನಮ್ಮ 痊 ಬರೆದರು. ಡಾಕ್ಟರು ತಲೆ ಅಲ್ಲಾಡಿಸಿದರು, ಅದು ಅವರು ಕಲಿತ ಅಕ್ಷರವಲ್ಲ. ರತ್ನಮ್ಮ ಅದರ ಅರ್ಥದ ಮೊದಲ ಅಕ್ಷರ ಬರೆದರು: 病, ಕಾಯಿಲೆ. "ಗೊತ್ತು," ಎಂದರು ಡಾಕ್ಟರು. ಎರಡನೆಯದು ಬರೆದರು. ಎಡಗಡೆ ಹೆಣ್ಣು, ಮೂರು ಗೆರೆ. ಬಲಗಡೆ ಮಗು, ಮೂರು ಗೆರೆ: 好. ಮಗುವಿನ ಕೊನೆಯ ಅಡ್ಡಗೆರೆ ಮುಗಿಯುವ ಮೊದಲೇ ಡಾಕ್ಟರ ಬೆರಳುಗಳು ರತ್ನಮ್ಮನ ಬೆರಳನ್ನು ಹಿಡಿದುಕೊಂಡವು.

ಚೆನ್ನಾಗಿದೆ, ವಾಸಿಯಾಗಿದೆ ಎಂದು ಅದರರ್ಥ.

"ಇನ್ನೊಂದು ಸಲ ಬರಿ," ಎಂದರು. ಬರೆದರು. "ಇನ್ನೊಂದು ಸಲ."

ಅವರ ಕಣ್ಣಿನಲ್ಲಿ ನೀರಿಳಿಯಿತು. ರತ್ನಮ್ಮ ಚೀಟಿಯನ್ನು ಫೋಟೋದ ಪಕ್ಕದಿಂದ ತೆಗೆದು ಒಲೆಗೆ ಹಾಕಿ, ಮುದ್ದೆ ತಿರುವಲು ಎಸರಿಟ್ಟರು. ಆ ಮಧ್ಯಾಹ್ನ ಉಳಿದ ಸಾಲುಗಳನ್ನೂ ಓದಿದರು. ಅಕ್ಕ ಮನೆಗೆ ಬಂದು, ಕೋಳಿಗೂಡು ಸರಿಮಾಡಿಲ್ಲವೆಂದು ಎಲ್ಲರನ್ನೂ ಬೈಯುತ್ತಿದ್ದಾಳೆ ಎಂದಿತ್ತು.

ಡಾಕ್ಟರು ತೀರಿಕೊಂಡದ್ದು ತೊಂಬತ್ತೊಂದರಲ್ಲಿ. ಮೇಲಿ ಮದ್ರಾಸಿನಿಂದ ಬಂದು ಎಲ್ಲ ಮುಗಿಸಿ ಹೋದಳು. ಚೀನಾಕ್ಕೆ ತಿಳಿಸುವುದು ಹೇಗೆಂದು ಅವಳಿಗೆ ತೋಚಲಿಲ್ಲ. ರತ್ನಮ್ಮ ಹಳೆಯ ಕಾಗದಗಳನ್ನು ಹರಡಿಕೊಂಡರು. ಹಿಂದೊಮ್ಮೆ ಅಲ್ಲಿನ ನೆರೆಮನೆಯ ಮುದುಕರೊಬ್ಬರು ಹೋದಾಗ ಅಳಿಯ 'ತೀರಿಕೊಂಡರು' ಎಂದು ಬರೆದದ್ದಕ್ಕೆ ಡಾಕ್ಟರು ಅರ್ಥ ಹೇಳಿದ್ದರು. ಆ ಎರಡು ಅಕ್ಷರಗಳನ್ನು ಹುಡುಕಿ, ಡಾಕ್ಟರ ಹೆಸರಿನ ಮೂರು ಅಕ್ಷರಗಳ ಕೆಳಗೆ, ಗೆರೆಗೆ ಗೆರೆ ಕ್ರಮವಾಗಿ ಬರೆದು ಅಂಚೆಗೆ ಹಾಕಿದರು. ಕೆಳಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು.

ಉತ್ತರ ಬಂತು. ಅದನ್ನು ಯಾರ ಅಂಗೈಗೆ ಬರೆಯಬೇಕು? ಅಕ್ಷರಗಳನ್ನು ಹೇಗೆ ಬರೆದಿದ್ದಾರೆಂದು ರತ್ನಮ್ಮನಿಗೆ ಕಾಣುತ್ತಿತ್ತು, ಗೆರೆ ಎಣಿಸಿ ನಿಘಂಟಿನಲ್ಲಿ ತೆಗೆಯಲೂ ಬರುತ್ತಿತ್ತು. ಏನು ಹೇಳುತ್ತವೆಂಬುದು ಮಾತ್ರ ಚೂರುಚೂರು. ಬಂದಾಗ ನೋಡೋಣ ಎಂದಳು ಮೇಲಿ, ಬರುವುದು ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು.

ತೊಂಬತ್ತೆಂಟರಲ್ಲಿ ಮನೆ ಖಾಲಿ ಮಾಡಲು ಮೇಲಿ ಬಂದಳು. ಚರ್ಮ ರಫ್ತು ಮಾಡುವ ಕಚೇರಿಯಲ್ಲಿ ಕೆಲಸ, ಹಾಂಗ್‌ಕಾಂಗಿನವರ ಜೊತೆ ವ್ಯವಹಾರ. ನಡುವಯಸ್ಸಿನಲ್ಲಿ ಅಕ್ಷರ ಕಲಿಯಲು ಶುರುಮಾಡಿದ್ದಳು. ಮಡಚುವ ಕಂಪ್ಯೂಟರೊಂದನ್ನೂ, ಅದಕ್ಕೆ ತಂತಿಯಿಂದ ಸೇರಿಸಿದ ಹಲಗೆ, ಪೆನ್ನನ್ನೂ ತಂದಿದ್ದಳು. ಹಲಗೆಯ ಮೇಲೆ ಅಕ್ಷರ ಬರೆದರೆ ಯಂತ್ರ ಗುರುತಿಸಿ ಪರದೆಯ ಮೇಲೆ ಅಚ್ಚಿನಂತೆ ತೋರಿಸುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ ಅರ್ಥವೂ ಸಿಗುತ್ತದೆ. ರತ್ನಮ್ಮ ಆ ಕಾಗದವನ್ನು ತಂದು ಅವಳ ಮುಂದಿಟ್ಟರು.

ಮೇಲಿ ಓಡುಬರಹವನ್ನು ನೋಡಿ ನೋಡಿ ಹಲಗೆಯ ಮೇಲೆ ಬರೆದಳು. ಯಂತ್ರ ಸಂಬಂಧವಿಲ್ಲದ ಏನೇನೋ ಅಕ್ಷರ ತೋರಿಸಿತು.

"ಇದು ಗೆರೆ ಬರೋ ಕ್ರಮ ನೋಡ್ತದೆ ಅಕ್ಕ," ಎಂದಳು. "ಮೊದಲು ಯಾವುದು, ಆಮೇಲೆ ಯಾವ ದಿಕ್ಕಿಗೆ ಅಂತ ತನ್ನೊಳಗಿರೋದಕ್ಕೆ ಹೋಲಿಸ್ತದೆ. ನಾನು ಬರೆಯೋದು ಅದಕ್ಕೆ ಹೋಲೋದಿಲ್ಲ. ಅಪ್ಪ ಹೇಳಿಕೊಡೋವಾಗ ಕೂತಿದ್ದಿದ್ರೆ..."

"ಅಯ್ಯೋ, ಅದುಕ್ಯಾಕೆ ಬೇಜಾರು. ಕೊಡು ಇಲ್ಲಿ."

ಪೆನ್ನು ಜಾರುತ್ತಿತ್ತು. ಮೊದಮೊದಲು ರತ್ನಮ್ಮನದನ್ನೂ ಯಂತ್ರ ಒಪ್ಪಲಿಲ್ಲ. ಗೆರೆಗಳನ್ನು ಬಿಡಿಬಿಡಿಯಾಗಿ, ಅಂಗೈಗೆ ಬರೆಯುವಂತೆ ನಿಧಾನವಾಗಿ ಬರೆದ ಮೇಲೆ ಒಂದೊಂದಾಗಿ ಅಕ್ಷರಗಳು ಪರದೆಯ ಮೇಲೆ ಬಂದು ಕೂತವು. ಒಬ್ಬರು ಬರೆದರು, ಇನ್ನೊಬ್ಬರು ಅರ್ಥ ನೋಡಿ ಕೂಡಿಸಿದರು.

ಅಳಿಯ ಕೇಳಿದ್ದು ಇಷ್ಟು. ಮಾವನ ಕೊನೆಗಾಲದಲ್ಲಿ ಹತ್ತಿರ ಯಾರಿದ್ದರು? ನೋವು ಹೆಚ್ಚಿತ್ತೇ? ಊಟ ಮಾಡುತ್ತಿದ್ದರೇ? ಅಮ್ಮ ದಿನವೂ ಕೇಳುತ್ತಾಳೆ, ದಯವಿಟ್ಟು ತಿಳಿಸಿ.

ರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತರು. "ಏಳು ವರ್ಸ ಆಯ್ತಲ್ಲಮ್ಮ," ಎಂದರು. "ಆಯಮ್ಮ ಕೇಳ್ತಾನೇ ಇದ್ದಿರಬೇಕು."

ಇಬ್ಬರೂ ಕೂತು ಅಂದೇ ಉತ್ತರ ಬರೆದರು. ಹತ್ತಿರ ಜನವಿದ್ದರು, ನೋವಿರಲಿಲ್ಲ, ಹಿಂದಿನ ಸಂಜೆ ಗಂಜಿ ಕುಡಿದರು. ಬೇಕಾದ ಅಕ್ಷರಗಳನ್ನು ಮೇಲಿ ಯಂತ್ರದಲ್ಲಿ ತೆಗೆದು ತೋರಿಸಿದಳು, ರತ್ನಮ್ಮ ಕೈಯಾರೆ ಕಾಗದಕ್ಕಿಳಿಸಿದರು. ಎರಡು ತಿಂಗಳ ಮೇಲೆ ಮದ್ರಾಸಿನ ವಿಳಾಸಕ್ಕೆ ಅಳಿಯನ ಕಾಗದ ಬಂತು. ಅಮ್ಮ ತೊಂಬತ್ನಾಲ್ಕರಲ್ಲಿ ಹೋದಳು, ಈ ಉತ್ತರವನ್ನು ಅವಳ ಗೋರಿಯ ಮುಂದೆ ಗಟ್ಟಿಯಾಗಿ ಓದಿದೆವು ಎಂದು ಬರೆದಿದ್ದ. ಮೇಲಿ ಅದನ್ನು ಫೋನಿನಲ್ಲಿ ರತ್ನಮ್ಮನಿಗೆ ಹೇಳಿದಳು.

ರತ್ನಮ್ಮ ಈಗ ಕ್ಯಾಸಂಬಳ್ಳಿಯಲ್ಲಿ ಅಣ್ಣನ ಮನೆಯ ಪಕ್ಕದ ಕೋಣೆಯಲ್ಲಿದ್ದಾರೆ. ಬೆಳಗಿನ ಬಸ್ಸಿಗೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಅಶ್ವತ್ಥಪ್ಪನವರಲ್ಲಿ ಸೆಟ್ಟು ಮಾಡಿಕೊಟ್ಟು ಸಂಜೆಗೆ ಬರುತ್ತಾರೆ. ಮೇಲಿ ವರ್ಷಕ್ಕೊಮ್ಮೆ ಬಂದಾಗ ಇಬ್ಬರೂ ಜಗಲಿಯ ಮೇಲೆ ಕೂತು ಅಕ್ಷರ ಬರೆಯುತ್ತಾರೆ. ಮೇಲಿ ಉಚ್ಚಾರ ಹೇಳಿಕೊಡುತ್ತಾಳೆ. ರತ್ನಮ್ಮನ ನಾಲಗೆ ಅದಕ್ಕೆ ಇನ್ನೂ ಹೊರಳುವುದಿಲ್ಲ.